ಡಬ್ಬ ಇಳಿಸುವಾಗ ಲಾರಿ ಲೆಕ್ಕ ಬೇರೆ, ಕಂಪನಿ ಲೆಕ್ಕ ಬೇರೆ

ಚಳ್ಳಕೆರೆಯ ಎಣ್ಣೆ ಪ್ಯಾಕಿಂಗ್ ಘಟಕದಲ್ಲಿ ನಾನು ಸ್ಟೋರ್ ನೋಡ್ಕೊಳ್ತೀನಿ. 15 ಕೆಜಿಯ ಖಾಲಿ ತಗಡಿನ ಡಬ್ಬ ಬಂದಾಗ ಎರಡು ಲೆಕ್ಕ ಇಡುತ್ತೇನೆ. ದಾರಿಯಲ್ಲಿ ಆದ ಹಾನಿ ಲಾರಿಯವರದು, ತಯಾರಿಕೆಯಲ್ಲಿ ಆದ ದೋಷ ಡಬ್ಬ ಮಾಡಿದ ಕಂಪನಿಯದು. ಎರಡನ್ನೂ ಕಲೆಸಿದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಸುಮ್ಮನಾಗುತ್ತಾರೆ.

ಒಂದು ಲೋಡ್ ಹೇಳ್ತೀನಿ. ಲಾರಿಯವರ ಸಾಗಣೆ ರಸೀದಿಯಾದ ಎಲ್‌ಆರ್‌ನಲ್ಲಿ 600 ಡಬ್ಬ. ಇಳಿಸುವಾಗಲೇ ಎಲ್ಲವನ್ನೂ ಎಣಿಸಿದೆವು, ಯಾಕಂದ್ರೆ ಕೊರತೆಯನ್ನು ಸ್ಯಾಂಪಲ್ ನೋಡಿ ಹೇಳೋಕಾಗಲ್ಲ. 594 ಇದ್ದವು. ಅದರಲ್ಲಿ 22 ಜಜ್ಜಿದ್ದವು, ಹೆಚ್ಚಿನವು ಹೊರಸಾಲಿನವು, ಮೂಲೆ ಒಳಗೆ ಹೋಗಿ ಹಗ್ಗ ಉಜ್ಜಿದ ಗೆರೆ ಹೊಳೆಯುತ್ತಿತ್ತು. "ಸರ್, ಮಾಲು ಸರಿ ಇದೆ, ಸಹಿ ಹಾಕಿಬಿಡಿ, ನಾನು ಹೊರಡ್ಬೇಕು" ಅಂದ ಡ್ರೈವರ್. "ನೀವು ಹೊರಡಿ ಅಣ್ಣ, ಆದ್ರೆ ಕಂಡದ್ದನ್ನ ಬರೆದೇ ಸಹಿ ಹಾಕ್ತೀನಿ" ಅಂದೆ. ಎಲ್‌ಆರ್‌ನ ಎಲ್ಲ ಪ್ರತಿಗಳ ಮೇಲೂ "594 ಬಂದಿವೆ, 6 ಕಡಿಮೆ, 22 ಜಜ್ಜಿವೆ" ಅಂತ ಬರೆದು, ಅವನ ಸಹಿಯನ್ನೂ ತಗೊಂಡೆ. ಲಾರಿ ನಂಬರ್ ಕಾಣುವಂತೆ ಫೋಟೋ ತೆಗೆದೆ. ಬರೀ ಸಹಿ ಹಾಕಿ ಕಳಿಸಿದರೆ ಮಾಲು ಸರಿಯಾಗಿ ತಲುಪಿದೆ ಅಂತಲೇ ಅವರು ವಾದಿಸುತ್ತಾರೆ.

ಉಳಿದ 572 ಡಬ್ಬ ಕಂಪನಿಯ ಗುಣಮಟ್ಟದ ಲೆಕ್ಕಕ್ಕೆ. ಸ್ಯಾಂಪಲ್ ತಪಾಸಣೆಯ ಭಾರತೀಯ ಮಾನಕ ಐಎಸ್ 2500ರ ಪಟ್ಟಿಯಲ್ಲಿ 501ರಿಂದ 1200ರವರೆಗಿನ ಲಾಟಿಗೆ ಸಾಮಾನ್ಯ ತಪಾಸಣೆಯ ಎರಡನೇ ಮಟ್ಟದಲ್ಲಿ 80 ಡಬ್ಬ ತೆಗೆಯಬೇಕು. ಸೋರಿಕೆಗೆ ನಾವು ಕಂಪನಿಯ ಜೊತೆ ಎಕ್ಯೂಎಲ್ ಎಂಬ ಒಪ್ಪಬಹುದಾದ ದೋಷದ ಮಟ್ಟ 1.0 ಅಂತ ಒಪ್ಪಿಕೊಂಡಿದ್ದೇವೆ. ಅಂದರೆ 80ರಲ್ಲಿ 2 ಸೋರಿದರೂ ಲಾಟು ಪಾಸ್, 3 ಸೋರಿದರೆ ಫೇಲ್. ಕೈಗೆ ಸಿಕ್ಕ ಮುಂದಿನ ಸಾಲಿನಿಂದಲೇ 80 ಎತ್ತಿದರೆ ಪರೀಕ್ಷೆಗೆ ಅರ್ಥ ಇಲ್ಲ, ಹಿಂದೆ, ಕೆಳಗೆ, ಮಧ್ಯೆ ಎಲ್ಲ ಕಡೆಯಿಂದ ತೆಗೆಯಬೇಕು. ಬಾಯಿ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ ನೀರಲ್ಲಿ ಮುಳುಗಿಸಿದೆವು. 4 ಡಬ್ಬಗಳಲ್ಲಿ ತಳದ ಜೋಡಣೆ ಹತ್ತಿರ ಗುಳ್ಳೆ ಬಂತು, ಹೊರಗೆ ಒಂದು ಗೀರೂ ಇಲ್ಲ. ಅದು ಲಾರಿಯ ತಪ್ಪಲ್ಲ, ಜೋಡಣೆಯ ತಪ್ಪು. ಲಾಟನ್ನು ತಡೆಹಿಡಿದು ಕಂಪನಿಗೆ ತಿಳಿಸಿದೆವು. ಅವರ ಜನವೇ ಬಂದು ಒಂದೊಂದನ್ನೂ ಪರೀಕ್ಷಿಸಿ, ಸೋರಿದ್ದನ್ನು ಬದಲಿಸಿಕೊಟ್ಟರು.

ಇನ್ನು ಲಾರಿಯವರ ಹತ್ತಿರ ಪರಿಹಾರ ಕೇಳೋದು. 28 ಡಬ್ಬದ ಬೆಲೆ ಹಾಕಿ, ಜಜ್ಜಿದ 22ರ ಗುಜರಿ ಬೆಲೆ ಕಳೆದು, ಎಲ್‌ಆರ್, ಇನ್‌ವಾಯ್ಸ್, ಫೋಟೋ ಸೇರಿಸಿ ಅದೇ ವಾರ ಸ್ಪೀಡ್ ಪೋಸ್ಟ್ ಮಾಡಿದೆ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಕಲಂ ಪ್ರಕಾರ, ದಾವೆ ಹೂಡಬೇಕಾದರೆ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಮಾಲು ತಲುಪಿದ ದಿನದಿಂದ ಅಲ್ಲ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಜೊತೆಗೆ, ಬುಕಿಂಗ್‌ನಲ್ಲೇ ಹೆಚ್ಚಿನ ಅಪಾಯದ ದರ ಕಟ್ಟಿರದಿದ್ದರೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ ಪರಿಹಾರ. ನಮ್ಮ ಮೊತ್ತ ಅದಕ್ಕಿಂತ ತುಂಬಾ ಕಡಿಮೆ ಇತ್ತು. ದುಬಾರಿ ಮಾಲಾದರೆ ಆ ಮಿತಿ ಬೇಗ ಅಡ್ಡ ಬರುತ್ತೆ.

ಜಜ್ಜಿದ ಡಬ್ಬಗಳನ್ನು ಅವರು ಬಂದು ನೋಡುವವರೆಗೂ ಗುಜರಿಗೆ ಹಾಕಲಿಲ್ಲ. ಅವರ ಮ್ಯಾನೇಜರ್ ಬಂದು ಎಣಿಸಿ, ಮೊದಲು "ಪ್ಯಾಕಿಂಗೇ ಸರಿ ಇಲ್ಲ" ಅಂದರು. ಡ್ರೈವರ್ ಸಹಿ ತೋರಿಸಿದ ಮೇಲೆ ಮುಂದಿನ ಬಾಡಿಗೆ ಬಿಲ್ಲಿನಲ್ಲಿ ಅಷ್ಟನ್ನೂ ಕಳೆದರು.