ಬೀಪ್ ನಿಂತರೆ ಹಿಂದೆ ಏನೂ ಇಲ್ಲ ಅಂತಲ್ಲ

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಹಾಗಾಗಿ ಅಗ್ಗದ ಕಾರಿನ ಬಂಪರಿನಲ್ಲೂ ಈಗ ನಾಣ್ಯದಷ್ಟು ಅಗಲದ ಗುಂಡನೆಯ ಬಿಲ್ಲೆಗಳು ಕಾಣುತ್ತವೆ. ಸ್ವಲ್ಪ ದುಬಾರಿ ಕಾರಾದರೆ ಹಿಂದಿನಿಂದ ಪಕ್ಕಕ್ಕೆ ವಾಹನ ಬಂದಾಗ ಪಕ್ಕದ ಕನ್ನಡಿಯಲ್ಲಿ ಚಿಕ್ಕ ದೀಪವೊಂದು ಹತ್ತುತ್ತದೆ, ಅದನ್ನು ಹತ್ತಿಸುವುದು ರೇಡಾರ್. ಇನ್ನೂ ಮೇಲಿನ ಕೆಲವು ಕಾರುಗಳ ಚಾವಣಿಯ ಅಂಚಿನಲ್ಲಿ ಲೈಡಾರ್ ಕೂಡ ಇರುತ್ತದೆ. ಮೂರೂ ಮಾಡುವ ಕೆಲಸ ಒಂದೇ: ಏನನ್ನೋ ಕಳಿಸುವುದು, ಅದು ಬಡಿದು ವಾಪಸ್ ಬರುವವರೆಗೆ ಕಾಯುವುದು. ವಾಪಸ್ ಬರಲಿಲ್ಲ ಎಂದರೆ ಅಲ್ಲಿ ಜಾಗ ಖಾಲಿ ಅಂತ ಅವು ತಿಳಿಯುತ್ತವೆ. ತೊಂದರೆ ಶುರುವಾಗುವುದು ಅಲ್ಲೇ.

ಕಾರಿನ ಜೊತೆ ಬರುವ ಪುಸ್ತಕದಲ್ಲಿ ಇದೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಒಂದು ಅಳತೆ ಟೇಪು, ಒಂದು ರಟ್ಟಿನ ಡಬ್ಬ ಮತ್ತು ಜೊತೆಗೊಬ್ಬರು ಸಿಕ್ಕರೆ ಅರ್ಧ ಗಂಟೆಯಲ್ಲಿ ನೀವೇ ನೋಡಿ ತಿಳಿಯಬಹುದು.

ಹಂತ 1: ಸೆನ್ಸರ್ ಜೀವಂತ ಇದೆಯಾ ನೋಡಿ

ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಬ್ರೇಕ್ ಒತ್ತಿಕೊಂಡೇ ರಿವರ್ಸ್ ಗೇರಿಗೆ ಹಾಕಿ. ಜೊತೆಗಿರುವವರು ಹಿಂದೆ ಹೋಗಿ ಪ್ರತಿ ಬಿಲ್ಲೆಯ ಮೇಲೂ ಬೆರಳಿಟ್ಟು ನೋಡಲಿ. ಕೆಲಸ ಮಾಡುವ ಸೆನ್ಸರ್ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ, ಬೆರಳಿಗೂ ತಗಲುತ್ತದೆ. ಒಂದು ಸುಮ್ನೆ ಕೂತಿದ್ದರೆ ಅದು ಕೆಟ್ಟಿದೆ, ಇಲ್ಲವೇ ಅದರ ವೈರು ಬಿಟ್ಟಿದೆ.

ಆ ಟಿಕ್ ನಮ್ಮ ಕಿವಿಗೆ ಬೀಳುವ ಚೂರು ಮಾತ್ರ. ನಿಜವಾದ ಶಬ್ದ 40ರಿಂದ 58 ಕಿಲೋಹರ್ಟ್ಸ್ ಮಟ್ಟದ್ದು, ನಮಗೆ ಕೇಳುವುದು 20ರವರೆಗೆ ಅಷ್ಟೇ. ಬಿಲ್ಲೆಯ ಮುಖ ಅಲ್ಯೂಮಿನಿಯಂನ ತೆಳು ಪದರ. ಅದರ ಹಿಂದೆ ಅಂಟಿಸಿದ ಪೀಜೋ ಸೆರಾಮಿಕ್ ತುಣುಕಿಗೆ ಕರೆಂಟು ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ಶಬ್ದ ವಾಪಸ್ ಬಂದು ಬಡಿದಾಗ ಅದೇ ತುಣುಕು ಕರೆಂಟು ಹುಟ್ಟಿಸುತ್ತದೆ. ಬಾಯಿ, ಕಿವಿ ಎರಡೂ ಅದೇ. ಬಂಪರಿಗೆ ಬಣ್ಣ ಹೊಡೆಸುವಾಗ ಸೆನ್ಸರಿನ ಮೇಲೆ ದಪ್ಪಗೆ ಪೇಂಟು ಬಿದ್ದರೆ ಆ ಪದರದ ತೂಕ ಹೆಚ್ಚಿ ನಡುಕ ಕೆಡುತ್ತದೆ. ಆಮೇಲೆ ಸೆನ್ಸರ್ ಇದ್ದೂ ಇಲ್ಲದ ಹಾಗೆ.

ಹಂತ 2: ಡಬ್ಬ ಇಟ್ಟು ಅಳೆಯಿರಿ

ಬಂಪರಿನಿಂದ ಎರಡು ಮೀಟರ್ ದೂರದಲ್ಲಿ ರಟ್ಟಿನ ಡಬ್ಬವನ್ನು ನೇರವಾಗಿ ನಿಲ್ಲಿಸಿ. ಕಾರು ಅಲುಗಬಾರದು, ಡಬ್ಬವನ್ನೇ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರಬೇಕು. ಬೀಪ್ ಶುರುವಾದ ದೂರ, ಅದು ಬಿಡದೆ ಕೂಗಲು ತೊಡಗಿದ ದೂರ, ಎರಡನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಮೊದಲನೆಯದು ಒಂದೂವರೆ ಮೀಟರ್ ಆಸುಪಾಸು, ಎರಡನೆಯದು ಸುಮಾರು 30 ಸೆಂಟಿಮೀಟರ್.

ಲೆಕ್ಕ ಸುಲಭ. 20 ಡಿಗ್ರಿ ಬಿಸಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಡಬ್ಬ ಒಂದು ಮೀಟರ್ ದೂರ ಇದ್ದರೆ ಹೋಗಿ ಬರಲು ಎರಡು ಮೀಟರ್, ಅಂದರೆ ಸುಮಾರು 5.8 ಮಿಲಿಸೆಕೆಂಡು. ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ ಮುಟ್ಟಿದರೆ ವೇಗ ಸುಮಾರು 355ಕ್ಕೆ ಏರುತ್ತದೆ, ಆದರೂ ಒಂದು ಮೀಟರಿಗೆ ಮೂರ್ನಾಲ್ಕು ಸೆಂಟಿಮೀಟರ್ ಮಾತ್ರ ತಪ್ಪುತ್ತದೆ. ರಾಯಚೂರಿನ ಬಿಸಿಲಿಗೆ ಸೆನ್ಸರ್ ಸುಳ್ಳು ಹೇಳುತ್ತದೆ ಅನ್ನುವವರಿಗೆ ಇಷ್ಟು ಸಾಕು.

ಈಗ ಡಬ್ಬವನ್ನು ಇನ್ನೂ ಹತ್ತಿರ ತನ್ನಿ, 15 ಸೆಂಟಿಮೀಟರಿಗಿಂತ ಒಳಗೆ. ಇಲ್ಲಿ ಒಂದು ಮಿತಿ ಇದೆ. ಶಬ್ದ ಕಳಿಸಿದ ಮೇಲೂ ಆ ಪದರ ತಕ್ಷಣ ಸುಮ್ಮನಾಗುವುದಿಲ್ಲ, ಬಾರಿಸಿದ ಗಂಟೆಯ ಗುಂಯ್‌ ಇಳಿಯುವ ತನಕ ಪಕ್ಕದವರ ಪಿಸುಮಾತು ಕೇಳದ ಹಾಗೆ ಅದಕ್ಕೂ ಆ ಹೊತ್ತಿನಲ್ಲಿ ಏನೂ ಕೇಳುವುದಿಲ್ಲ. ಆ ನಡುಕ ಒಂದು ಮಿಲಿಸೆಕೆಂಡು ಉಳಿದರೆ ಸುಮಾರು 17 ಸೆಂಟಿಮೀಟರ್‌ವರೆಗಿನದೆಲ್ಲ ಕುರುಡು. ಇನ್ನೊಂದು ತಮಾಷೆ: ಅಷ್ಟು ಹತ್ತಿರದಲ್ಲಿ ಶಬ್ದ ಡಬ್ಬಕ್ಕೂ ಬಂಪರಿಗೂ ನಡುವೆ ಎರಡು ಸಲ ಓಡಾಡಿ ಬಂದು, ಸೆನ್ಸರ್ ಆ ಎರಡನೆಯ ಸಲದ್ದನ್ನೇ ಕೇಳಿಸಿಕೊಂಡರೆ, ದೂರವನ್ನು ಇಮ್ಮಡಿ ತೋರಿಸಬಹುದು.

ಹಂತ 3: ಡಬ್ಬ ತೆಗೆದು ಗಿಡ್ಡ ಕಲ್ಲು ಇಡಿ

ನನ್ನ ಪ್ರಕಾರ ಎಲ್ಲರೂ ಮಾಡಲೇಬೇಕಾದ ಪರೀಕ್ಷೆ ಇದು. ಗೇಟಿನ ಪಕ್ಕ, ಅಂಗಡಿಗಳ ಮುಂದೆ, ಹೂಕುಂಡದ ಸಾಲಿನಲ್ಲಿ ಒಂದು ಗೇಣು ಎತ್ತರದ ಕಲ್ಲುಗಳು ಇರುತ್ತವಲ್ಲ, ಹೆಚ್ಚಾಗಿ ಬಂಪರ್ ಒಡೆಯುವುದು ಅಂಥದಕ್ಕೇ.

ಸೆನ್ಸರ್ ನೆಲದಿಂದ 55 ಸೆಂಟಿಮೀಟರ್ ಮೇಲಿದೆ, ಕಲ್ಲು 20 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಕಲ್ಲಿನ ತಲೆ ಸೆನ್ಸರಿಗಿಂತ 35 ಸೆಂಟಿಮೀಟರ್ ಕೆಳಗೆ ಬಂತು. ಸೆನ್ಸರಿನ ಶಬ್ದ ಅಕ್ಕಪಕ್ಕಕ್ಕೆ ಅಗಲವಾಗಿ ಹರಡಿದರೂ ಮೇಲೆ ಕೆಳಗೆ ಕಿರಿದು, ಕೆಳಕ್ಕೆ ಒಂದು 30 ಡಿಗ್ರಿ ಅನ್ನಿ. ಜಾಸ್ತಿ ಅಗಲ ಮಾಡಿದರೆ ರಸ್ತೆಯನ್ನೇ ಅಡ್ಡಿ ಅಂತ ಕೂಗುತ್ತದೆ, ಅದಕ್ಕೇ ಹೀಗೆ. ಕಲ್ಲು ಒಂದು ಮೀಟರ್ ದೂರ ಇದ್ದಾಗ ಅದು ಸುಮಾರು 19 ಡಿಗ್ರಿ ಕೆಳಗಿದೆ, ಸೆನ್ಸರಿಗೆ ಸಿಗುತ್ತದೆ, ಬೀಪ್ ಬರುತ್ತದೆ. ನೀವು ಹಿಂದೆ ಬರುತ್ತೀರಿ. 60 ಸೆಂಟಿಮೀಟರ್ ಹೊತ್ತಿಗೆ ಕಲ್ಲು 30 ಡಿಗ್ರಿ ಗೆರೆ ದಾಟುತ್ತದೆ. ಅರ್ಧ ಮೀಟರಿಗೆ ಬಂದಾಗ 35 ಡಿಗ್ರಿ. ಈಗ ಶಬ್ದ ಕಲ್ಲಿನ ಮೇಲಿಂದ ಹಾದು ಹೋಗುತ್ತಿದೆ, ಬೀಪ್ ನಿಂತಿದೆ. ಚಾಲಕನಿಗೆ ಅನ್ನಿಸುವುದು ಅಡ್ಡಿ ಹೋಯಿತು ಅಂತ, ಅಲ್ವಾ? ಕಲ್ಲು ಅಲ್ಲೇ ಇದೆ.

ಹಾಗಾಗಿ ಹಿಂದೆ ಹೋಗುತ್ತಿರುವಾಗಲೇ ಬೀಪ್ ನಿಂತರೆ ಬ್ರೇಕ್ ಒತ್ತಿ, ಇಳಿದು ನೋಡಿ. ಇದೇ ಲೆಕ್ಕ ಮೇಲಕ್ಕೂ ಅನ್ವಯಿಸುತ್ತದೆ: ಲಾರಿಯ ಹಿಂಬದಿಯ ಹಲಗೆ, ಗೂಡ್ಸ್ ಆಟೋದಿಂದ ಹೊರಗೆ ಚಾಚಿದ ಕಬ್ಬಿಣದ ಸರಳು, ಇವೆಲ್ಲ ಸೆನ್ಸರಿನ ತಲೆ ಮೇಲೆ ಉಳಿಯುತ್ತವೆ. ತೆರೆದ ಚರಂಡಿಯಿಂದಂತೂ ಶಬ್ದ ವಾಪಸ್ ಬರುವುದೇ ಇಲ್ಲ.

ಕಲ್ಲಿನ ನಂತರ ಕಂಬಳಿ ಹೊದಿಸಿದ ಕುರ್ಚಿ ಇಟ್ಟು ನೋಡಿ, ಶಬ್ದವನ್ನು ಬಟ್ಟೆ ನುಂಗುತ್ತದೆ. ಆಮೇಲೆ ಅದೇ ರಟ್ಟಿನ ಡಬ್ಬವನ್ನು ಓರೆಯಾಗಿ ತಿರುಗಿಸಿ. ಈ ಶಬ್ದದ ಅಲೆ ಸುಮಾರು 8 ಮಿಲಿಮೀಟರ್ ಉದ್ದ, ಅದಕ್ಕೆ ನಯವಾದ ಗೋಡೆ ಕನ್ನಡಿಯಿದ್ದಂತೆ, ಓರೆಯಾದರೆ ಶಬ್ದ ಬೇರೆ ಕಡೆಗೆ ಚಿಮ್ಮಿ ಹೋಗುತ್ತದೆ. ತೆಳ್ಳನೆಯ ಸರಪಳಿಯಿಂದ ವಾಪಸ್ ಬರುವ ಶಬ್ದವೇ ಕಡಿಮೆ. ಹೊರಗಡೆ ಸೆನ್ಸರ್ ಹಾಕಿಸಿದ್ದರೆ ಇನ್ನೊಂದು ವಿಷಯ: ಅನೇಕ ಸೆನ್ಸರುಗಳ ಹಿಂದೆ ಮೇಲ್ಮುಖದ ಬಾಣದ ಗುರುತು ಇರುತ್ತದೆ. ಅದನ್ನು ತಿರುಗಿಸಿ ಕೂರಿಸಿದರೆ ಖಾಲಿ ರಸ್ತೆಯಲ್ಲೂ ಬೀಪ್ ಬರುತ್ತಲೇ ಇರಬಹುದು.

ಹಂತ 4: ಕನ್ನಡಿಯ ದೀಪ ಯಾವಾಗ ಹತ್ತುತ್ತದೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಇಂಡಿಕೇಟರ್ ಹಾಕಿದಾಗ ಪಕ್ಕದ ದೃಶ್ಯ ತೆರೆಯ ಮೇಲೆ ಬಂದರೆ ಅದು ಕ್ಯಾಮೆರಾ. ಇಲ್ಲಿ ಹೇಳುತ್ತಿರುವುದು ದೀಪ ಹತ್ತಿಸುವ ರೇಡಾರ್ ಬಗ್ಗೆ. ಅದು ಹಿಂದಿನ ಬಂಪರಿನ ಎರಡು ಮೂಲೆಗಳ ಒಳಗೆ ಅಡಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ರೇಡಾರ್ ಕಳಿಸುವುದು ರೇಡಿಯೋ ಅಲೆ, ಹಳೆಯದು 24 ಗಿಗಾಹರ್ಟ್ಸ್, ಹೊಸದು 77. ಒಂದೇ ಸ್ವರದಲ್ಲಿ ಕಳಿಸದೆ ಫ್ರೀಕ್ವೆನ್ಸಿಯನ್ನು ಏರಿಸುತ್ತಾ ಏರಿಸುತ್ತಾ ಕಳಿಸುತ್ತದೆ. ವಾಪಸ್ ಬಂದ ಅಲೆ ಹಳೆಯ ಫ್ರೀಕ್ವೆನ್ಸಿಯಲ್ಲೇ ಇರುತ್ತದೆ, ಅಷ್ಟರಲ್ಲಿ ಹೊರಡುವ ಅಲೆ ಮೇಲೇರಿರುತ್ತದೆ. ಎರಡರ ನಡುವಿನ ಅಂತರದಿಂದ ದೂರ ಗೊತ್ತಾಗುತ್ತದೆ. ಹತ್ತಿರ ಬರುತ್ತಿರುವ ವಾಹನ ಅಲೆಯನ್ನು ಇನ್ನಷ್ಟು ಒತ್ತಿ ಕಳಿಸುವುದರಿಂದ ಅದರ ವೇಗವೂ ಸಿಗುತ್ತದೆ.

ಆ ವೇಗವೇ ಅದರ ಬಲ, ಅದರ ಮಿತಿಯೂ ಹೌದು. ನೀವು 60ರಲ್ಲಿ ಹೋಗುವಾಗ ಡಿವೈಡರ್, ದೀಪದ ಕಂಬ, ನಿಂತ ಲಾರಿ ಎಲ್ಲವೂ 60ರಲ್ಲಿ ಹಿಂದಕ್ಕೆ ಓಡಿದಂತೆ ರೇಡಾರಿಗೆ ಕಾಣುತ್ತವೆ. ಎಲ್ಲದಕ್ಕೂ ದೀಪ ಹತ್ತಿಸಿದರೆ ನೀವು ಅದನ್ನು ನೋಡುವುದನ್ನೇ ಬಿಡುತ್ತೀರಿ. ಅದಕ್ಕೆ ನಿಂತದ್ದನ್ನೆಲ್ಲ ಅದು ಬೇಕಂತಲೇ ಕೈಬಿಡುತ್ತದೆ. ಪಕ್ಕದ ಲೇನಿನಲ್ಲಿ ಕೆಟ್ಟು ನಿಂತ ಲಾರಿಗೆ ದೀಪ ಬರದಿದ್ದರೆ ರೇಡಾರ್ ಕೆಟ್ಟಿಲ್ಲ, ಮಾಡಿಟ್ಟಿರುವುದೇ ಹಾಗೆ.

ಪರೀಕ್ಷೆಯನ್ನು ಪಕ್ಕದಲ್ಲಿ ಕೂತವರು ಮಾಡಬೇಕು, ಚಾಲಕ ಅಲ್ಲ. ರಿಂಗ್ ರಸ್ತೆಯಂಥ ಕಡೆ ನಿಮ್ಮನ್ನು ದಾಟುವ ಬಸ್, ಕಾರು, ಬೈಕು ಎಲ್ಲಿಗೆ ಬಂದಾಗ ದೀಪ ಹತ್ತುತ್ತದೆ ಅಂತ ಅವರು ಗಮನಿಸಲಿ. ಬಸ್ಸಿಗೆ ಬೇಗ ಹತ್ತುತ್ತದೆ, ಬೈಕಿಗೆ ತಡವಾಗಬಹುದು, ಏಕೆಂದರೆ ಬೈಕಿನಿಂದ ವಾಪಸ್ ಬರುವ ಅಲೆ ಕಡಿಮೆ. ಬೈಕು ನಿಮಗಿಂತ ಗಂಟೆಗೆ 36 ಕಿಲೋಮೀಟರ್ ಹೆಚ್ಚು ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರ್ ಹತ್ತಿರ ಬರುತ್ತದೆ. ದೀಪ ಹತ್ತುವುದು ನಾಲ್ಕು ಮೀಟರ್ ಹಿಂದಿನಿಂದ ಮಾತ್ರ ಎಂದಾದರೆ ನಿಮಗೆ ಸಿಗುವುದು 0.4 ಸೆಕೆಂಡು. 30 ಮೀಟರಿನಿಂದಲೇ ಲೆಕ್ಕ ಹಾಕುವ ವ್ಯವಸ್ಥೆಯಾದರೆ ಮೂರು ಸೆಕೆಂಡು. ಕಾರು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು.

ಬಂಪರ್ ಗುದ್ದಿಸಿಕೊಂಡು ಪುಟ್ಟಿ ಮೆತ್ತಿಸಿ, ಲೋಹದ ಪುಡಿ ಇರುವ ಬಣ್ಣ ಹೊಡೆಸಿದವರು ಒಂದು ಕೆಲಸ ಮಾಡಿ. ರೇಡಾರ್ ನೋಡುವುದು ಆ ಪ್ಲಾಸ್ಟಿಕ್ಕಿನ ಮೂಲಕವೇ, ಅದು ದಪ್ಪವಾದರೆ ಅಲೆ ಸೊರಗುತ್ತದೆ, ಒಳಗಿನ ಬ್ರಾಕೆಟ್ ಸ್ವಲ್ಪ ಬಾಗಿದ್ದರೆ ಅದು ನೋಡುವ ದಿಕ್ಕೇ ಬದಲಾಗುತ್ತದೆ. ರೇಡಾರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿದ್ದಾರಾ ಅಂತ ಕೇಳಿ. ಹಸಿ ಕೆಸರು ಮೆತ್ತಿದರೂ ಇದೇ ಗತಿ, ಅದನ್ನಾದರೂ ತೊಳೆದರೆ ಸರಿಹೋಗುತ್ತದೆ.

ಹಂತ 5: ಲೈಡಾರ್, ಬೇಕಿದ್ದರೆ ಫೋನಿನಲ್ಲೇ

ನಮ್ಮ ರಸ್ತೆಗಳಲ್ಲಿ ಲೈಡಾರ್ ಕಾರು ಅಪರೂಪ. ಆದರೆ 2020ರ ಐಫೋನ್ 12 ಪ್ರೋದಲ್ಲಿ ಚಿಕ್ಕದೊಂದು ಲೈಡಾರ್ ಬಂತು, ಅಂಥ ಫೋನಿದ್ದವರು ಯಾವುದಾದರೂ ಸ್ಕ್ಯಾನಿಂಗ್ ಆ್ಯಪ್ ಹಾಕಿ ಕೋಣೆಯನ್ನು ಸ್ಕ್ಯಾನ್ ಮಾಡಿ ನೋಡಿ. ದೊಡ್ಡ ಕನ್ನಡಿ ಇರುವ ಕಡೆ ಗೋಡೆಯ ಹಿಂದೆ ಇನ್ನೊಂದು ಕೋಣೆ ಇದ್ದಂತೆ ಬರಬಹುದು. ಗಾಜಿನ ಬಾಗಿಲಿನ ಕಡೆ ಬಾಗಿಲೇ ಇಲ್ಲದಂತೆ ಬರಬಹುದು.

ಇಲ್ಲಿ ಹೋಗಿ ಬರುವುದು ಕಣ್ಣಿಗೆ ಕಾಣದ ಬೆಳಕು, ಕಾರುಗಳಲ್ಲಿ ಅದರ ಅಲೆಯ ಉದ್ದ ಬಹುತೇಕ 905 ಇಲ್ಲವೇ 1550 ನ್ಯಾನೋಮೀಟರ್. ವಸ್ತು 150 ಮೀಟರ್ ದೂರ ಇದ್ದರೂ ಒಂದು ಮೈಕ್ರೋಸೆಕೆಂಡಿನಲ್ಲಿ ವಾಪಸ್. ಲಕ್ಷಾಂತರ ಚುಕ್ಕೆಗಳ ದೂರ ಅಳೆದು ಇದು ವಸ್ತುವಿನ ಆಕಾರವನ್ನೇ ಕಟ್ಟಿಕೊಡುತ್ತದೆ, ಉಳಿದ ಎರಡರಿಂದ ಇಷ್ಟು ಚೆನ್ನಾಗಿ ಆಗುವುದಿಲ್ಲ. ಆದರೂ ಚುಕ್ಕೆಗಳ ನಡುವೆ 0.1 ಡಿಗ್ರಿ ಬಿಟ್ಟರೆ 100 ಮೀಟರ್ ದೂರದಲ್ಲಿ ಅದು 17 ಸೆಂಟಿಮೀಟರ್ ಸಂದು. ರಸ್ತೆಗೆ ಅಡ್ಡ ಕಟ್ಟಿದ ಹಗ್ಗ ಆ ಸಂದಿನಲ್ಲೇ ಉಳಿದುಬಿಡಬಹುದು.

ಚಾರ್ಮಾಡಿ ಘಾಟಿಯ ಮಳೆಗಾಲದ ಮಂಜಿನಲ್ಲಿ ಲೈಡಾರ್ ಬಹಳ ಬೇಗ ಸೋಲುತ್ತದೆ. ಮಂಜಿನ ಹನಿಗಿಂತ ಅದರ ಬೆಳಕಿನ ಅಲೆ ಚಿಕ್ಕದು, ಹನಿಹನಿಗೂ ಬಡಿದು ಚದುರುತ್ತದೆ. ರೇಡಾರಿನ ಅಲೆ ಸುಮಾರು ನಾಲ್ಕು ಮಿಲಿಮೀಟರ್, ಆ ಹನಿಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ಕಪ್ಪು ಬಣ್ಣದ ಕಾರು ಕೂಡ ಲೈಡಾರಿಗೆ ಕಷ್ಟ, ಬಿದ್ದ ಬೆಳಕಿನಲ್ಲಿ ವಾಪಸ್ ಕೊಡುವುದು ತೀರಾ ಸ್ವಲ್ಪ. ಅದಕ್ಕೇ ಒಳ್ಳೆಯ ತಯಾರಕರು ದೂರದ ಜೊತೆ ಶೇಕಡಾವಾರನ್ನೂ ಬರೆಯುತ್ತಾರೆ: 10 ಶೇಕಡಾ ಬೆಳಕು ಮರಳಿಸುವ ವಸ್ತುವಿಗೆ ಇಷ್ಟು ಮೀಟರ್ ಅಂತ. ಬರೀ 200 ಮೀಟರ್ ಅಂತ ಬರೆದಿದ್ದರೆ ಅದು ಬಿಳಿ ಹಲಗೆಗೆ ಸಿಕ್ಕ ಅಂಕಿಯೂ ಆಗಿರಬಹುದು.