ಐದು ಬಣ್ಣ, ಬಣ್ಣಕ್ಕೆ ನೂರೇ ಚೀಲ

ನಮ್ಮದು ಹತ್ತಿ ಬಟ್ಟೆಯ ಕೈಚೀಲ ಹೊಲಿಯುವ ಸಣ್ಣ ಘಟಕ. ಹೊರದೇಶದ ಆಮದುದಾರರಿಗೆ ಕ್ಯಾಟಲಾಗ್ ಕಳಿಸುವಾಗ ನಾನು ಎಂಒಕ್ಯೂ, ಅಂದರೆ ಕನಿಷ್ಠ ಎಷ್ಟು ಪೀಸ್ ಕೊಳ್ಳಬೇಕು ಅನ್ನೋದನ್ನು, ಪ್ರತಿ ಚೀಲದ ಫೋಟೋ ಕೆಳಗೇ ಹಾಕುತ್ತೇನೆ. ಕೊನೆಯ ಪುಟದ ಷರತ್ತುಗಳಲ್ಲಿ ಹಾಕಿದರೆ ಯಾರೂ ಓದುವುದಿಲ್ಲ. ಐಟಂ ಕೋಡ್, ಸೆಂಟಿಮೀಟರ್‌ನಲ್ಲಿ ಅಳತೆ, ಬಟ್ಟೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುವ ಜಿಎಸ್‌ಎಂ, ಒಂದು ಕಾರ್ಟನ್‌ಗೆ ಎಷ್ಟು ಪೀಸ್, ಕಾರ್ಟನ್ನಿನ ಅಳತೆ ಮತ್ತು ತೂಕ ಕೂಡ ಅಲ್ಲೇ ಇರುತ್ತವೆ. ಬೆಲೆ ಮಾತ್ರ ಬೇರೆ ಹಾಳೆ. ಯಾವ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಸೇರಿದ ಎಫ್‌ಒಬಿ ದರ, ಯಾವ ತಾರೀಖಿನವರೆಗೆ ಆ ದರ ಅಂತ ಅದರಲ್ಲೇ ಬರೆದಿರುತ್ತೇನೆ. ನೂಲಿನ ದರ ಏರಿದರೆ ಹಾಳೆ ಬದಲಿಸಿದರೆ ಸಾಕು, ಕ್ಯಾಟಲಾಗ್ ಮುಟ್ಟಬೇಕಿಲ್ಲ.

ಒಬ್ಬ ಆಮದುದಾರರು ಕ್ಯಾಟಲಾಗ್ ನೋಡಿ ಬರೆದರು: ಐದು ಬಣ್ಣ, ಪ್ರತಿ ಬಣ್ಣಕ್ಕೆ ನೂರು ಚೀಲ, ಒಟ್ಟು 500. ನಮ್ಮ ಎಂಒಕ್ಯೂ ಬಣ್ಣಕ್ಕೆ 500. ಅವರು ಅದನ್ನು ಇಡೀ ಆರ್ಡರಿಗೆ 500 ಎಂದು ಓದಿಕೊಂಡಿದ್ದರು. ಈ ಗೊಂದಲ ತುಂಬಾ ಸಾಮಾನ್ಯ.

ಸುಮ್ನೆ "ಆಗಲ್ಲ" ಅಂದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ. ಹಾಗಾಗಿ ಲೆಕ್ಕವನ್ನೇ ಬಿಡಿಸಿ ಬರೆದೆ. ನಾವು ಬಣ್ಣ ಹಾಕಿಸುವ ಕಡೆ ಒಂದು ಸಲಕ್ಕೆ ಕನಿಷ್ಠ 50 ಕೆ.ಜಿ. ಬಟ್ಟೆ ಕೊಡಬೇಕು. ಒಂದು ಚೀಲಕ್ಕೆ ಹಿಡಿಯುವ ಬಟ್ಟೆ ಸುಮಾರು 85 ಗ್ರಾಂ. ಕತ್ತರಿಸುವಾಗ ಹೋಗುವ ಚೂರು, ಕಲೆ ಬಿದ್ದ ಪೀಸ್ ಕಳೆದರೆ 500 ಚಿಲ್ಲರೆ ಚೀಲ ಉಳಿಯುತ್ತವೆ. ನೂರು ಮಾತ್ರ ಹೊಲಿದರೆ ಉಳಿದ ಬಣ್ಣದ ಬಟ್ಟೆ ನಮ್ಮ ರ‍್ಯಾಕಿನಲ್ಲೇ ಕೂರುತ್ತದೆ. ಕಾರಣ ತಿಳಿದ ಮೇಲೆ ಅವರು ಚೌಕಾಸಿ ಬಿಟ್ಟು ದಾರಿ ಕೇಳಿದರು.

ದಾರಿ ಇತ್ತು. ಬಣ್ಣ ಹಾಕದ ಸಹಜ ಬಟ್ಟೆ ನಮ್ಮಲ್ಲಿ ಯಾವಾಗಲೂ ಸ್ಟಾಕ್ ಇರುತ್ತದೆ. ಅದರಲ್ಲೇ 500 ಚೀಲ ಹೊಲಿದು, ಒಂದೇ ಡಿಸೈನನ್ನು ಐದು ಶಾಯಿಗಳಲ್ಲಿ ಪ್ರಿಂಟ್ ಮಾಡೋಣ ಎಂದೆ. ಸ್ಕ್ರೀನ್ ಒಂದೇ, ಶಾಯಿ ಬದಲಿಸುವಾಗ ತೊಳೆದರಾಯಿತು. ಡಿಸೈನ್ ಬೇರೆ ಬೇರೆ ಆದರೆ ಮಾತ್ರ ಪ್ರತಿಯೊಂದಕ್ಕೂ ಹೊಸ ಸ್ಕ್ರೀನ್ ಬೇಕು, ಅದರ ಖರ್ಚು ಬೇರೆ. ಅವರಿಗೆ ಅಂಗಡಿಯ ಶೆಲ್ಫಿನಲ್ಲಿ ಐದು ಬಣ್ಣ ಕಂಡರೆ ಸಾಕಿತ್ತು, ಒಪ್ಪಿದರು.

ಸಾಗಣೆಯ ವಿಷಯ ಅವರು ಕೇಳದಿದ್ದರೂ ಹೇಳಿದೆ. ಕಾರ್ಟನ್‌ಗೆ ನೂರು ಚೀಲದಂತೆ ಐದು ಕಾರ್ಟನ್, ಎಲ್ಲ ಸೇರಿದರೂ ಅರ್ಧ ಘನ ಮೀಟರ್ ತುಂಬುವುದಿಲ್ಲ. ಹಡಗಿನಲ್ಲಿ ಬೇರೆಯವರ ಸರಕಿನ ಜೊತೆ ಕಳಿಸುವಾಗ ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಹಾಕುತ್ತಾರೆ. ಅಂದರೆ ಖಾಲಿ ಜಾಗಕ್ಕೂ ದುಡ್ಡು, ಅಲ್ವಾ? ಅವರೇ ಲೆಕ್ಕ ಹಾಕಿ ಆರ್ಡರನ್ನು ಸಾವಿರಕ್ಕೆ ಏರಿಸಿದರು.

ಈಗ ಕ್ಯಾಟಲಾಗಿನಲ್ಲಿ ಎರಡು ಸಾಲು ಇವೆ: "ಬಣ್ಣದ ಬಟ್ಟೆ: ಪ್ರತಿ ಬಣ್ಣಕ್ಕೆ 500", "ಸಹಜ ಬಟ್ಟೆ: ಪ್ರತಿ ಡಿಸೈನಿಗೆ 200, ಶಾಯಿ ನಿಮ್ಮ ಇಷ್ಟ". ಸರಕು ಕಳಿಸುವ ಮೊದಲೇ ಕೊಡುವ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲೂ ಇದೇ ಮಾತುಗಳು ಇರುತ್ತವೆ.