ಎರಡು ಕಲ್ಲು ಮುಂದೆ, ಮೂರು ಕಲ್ಲು ದೂರ

"ಮನೆಯಲ್ಲಿ ತೆಗೆದ ಫೋಟೊ ನಡೆಯುವುದಿಲ್ಲ, ಸುಮ್ಮನೆ ಸ್ಟುಡಿಯೊಗೆ ಹೋಗು" ಎಂದು ಭಾವ ಹೇಳುತ್ತಲೇ ಇದ್ದರು. ಕಳೆದ ತಿಂಗಳು ಅವರ ಮಗಳ ಅರ್ಜಿಗೆ ಹಚ್ಚಿದ ಪಾಸ್‌ಪೋರ್ಟ್ ಸೈಜಿನ ಫೋಟೊ ಕಲಬುರಗಿಯ ನಮ್ಮ ಪಡಸಾಲೆಯಲ್ಲಿ ನಾನು ತೆಗೆದದ್ದೇ. ಯಾರೂ ಮರಳಿಸಲಿಲ್ಲ.

ಅದಕ್ಕೂ ಮುಂಚೆ ಕೆಟ್ಟದ್ದು ಕಡಿಮೆಯೇನಲ್ಲ. ಮೊದಲು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ಕಿವಿಯ ಹಿಂದೆ ಕರಿ ನೆರಳು. ಫ್ಲ್ಯಾಶ್ ಹಾಕಿದರೆ ನೆರಳು ಇನ್ನೂ ಗಾಢವಾಯಿತು. ಈಗ ಅಳತೆಗೆ ನೆಲದ ಶಹಾಬಾದ್ ಕಲ್ಲೇ ಸಾಕು. ನಮ್ಮಲ್ಲಿ ಒಂದೊಂದೂ ಎರಡಡಿಯದು. ಗೋಡೆಯಿಂದ ಎರಡು ಕಲ್ಲು ಮುಂದೆ ಕೂರಿಸಿದರೆ ನೆರಳು ಗೋಡೆ ಮುಟ್ಟುವುದಿಲ್ಲ. ಮುಖದಿಂದ ಮೂರು ಕಲ್ಲು ದೂರದಲ್ಲಿ ಮೊಬೈಲ್, ಕಣ್ಣಿನ ಮಟ್ಟಕ್ಕೆ. ಎರಡಡಿಯಿಂದ ತೆಗೆದಾಗ ಸೊಸೆಯ ಮೂಗು ಬದನೆಕಾಯಿಯಂತೆ ಬಂದಿತ್ತು. ದೂರದಿಂದ ತೆಗೆದು ಕತ್ತರಿಸಿದರೆ ಚಿತ್ರ ಒಡೆಯುತ್ತದೆಂಬ ಭಯ ಬೇಡ. 35×45 ಮಿಲಿಮೀಟರಿನ ಪ್ರಿಂಟಿಗೆ, ಅಂಗುಲಕ್ಕೆ 300 ಪಿಕ್ಸೆಲಿನಂತೆ, ಬೇಕಾಗುವುದು 413×531 ಪಿಕ್ಸೆಲ್.

ಗೋಡೆ ತಿಳಿಹಸಿರು, ಹಾಗಾಗಿ ಇಸ್ತ್ರಿ ಮಾಡಿದ ಬಿಳಿ ಧೋತರವನ್ನು ಎರಡು ಮಡಿಕೆ ಮಾಡಿ ತೂಗುಹಾಕುತ್ತೇನೆ. ಒಂದೇ ಮಡಿಕೆಯಾದರೆ ಹಸಿರು ಇಣುಕುತ್ತದೆ. ಬೆಳಗಿನ ಒಂಬತ್ತರ ಹೊತ್ತಿಗೆ ಉತ್ತರದ ಬಾಗಿಲು ತೆರೆದು, ಮುಖ ಅತ್ತ ಮಾಡಿ ಕೂರಿಸುತ್ತೇನೆ. ಬಾಗಿಲಲ್ಲಿ ನಾನೇ ನಿಂತರೆ ಬೆಳಕೆಲ್ಲ ನನ್ನ ಬೆನ್ನಿಗೆ. ಆದ್ದರಿಂದ ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಅದರ ಮೇಲೆ ಮೊಬೈಲ್ ಇಟ್ಟು ಟೈಮರ್ ಹಾಕಿ ಸರಿದು ನಿಲ್ಲುತ್ತೇನೆ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿದರೆ ಗಲ್ಲದ ಕೆಳಗಿನ ಕತ್ತಲೆ ಹೋಗುತ್ತದೆ. ಬಿಳಿ ಬಟ್ಟೆ ಕಂಡ ಮೊಬೈಲ್ ಮುಖವನ್ನು ಕಪ್ಪಾಗಿಸುತ್ತದೆ. ಪರದೆಯಲ್ಲಿ ಮುಖ ಮುಟ್ಟಿ, ಕೆನ್ನೆ ಬಿಳಚಿಕೊಳ್ಳುವ ಮೊದಲು ನಿಲ್ಲುವಷ್ಟು ಬೆಳಕು ಏರಿಸಬೇಕು.

ಮಾವನವರದೇ ಬೇರೆ ಕಥೆ. ಬಿಳಿ ಕೂದಲು, ಬಿಳಿ ಅಂಗಿ. ಬಿಳಿ ಧೋತರದಲ್ಲಿ ಮುಖವೊಂದೇ ತೇಲುತ್ತಿತ್ತು. ನೀಲಿ ಸೀರೆ ಕಟ್ಟಿ ನೋಡಿದೆ, ಚೆಂದ ಬಂತು. ಆದರೆ ಅರ್ಜಿಯವರು ಬಿಳಿಯನ್ನೇ ಕೇಳಿದ್ದರು. ಕೊನೆಗೆ ಕಂದು ಜಾಕೀಟು ತೊಡಿಸಿ ಬೆಳಕು ಒಂದಿಷ್ಟು ಇಳಿಸಿದಾಗ ಕೂದಲಿನ ಅಂಚು ಕಂಡಿತು.

ಹಣ ಹೋದದ್ದು ಪ್ರಿಂಟಿನಲ್ಲಿ. 4×6 ಅಂಗುಲದ ಹಾಳೆಯಲ್ಲಿ, ಅಂದರೆ 1200×1800 ಪಿಕ್ಸೆಲಿನಲ್ಲಿ, ಎಂಟು ಫೋಟೊ ಕೂಡುತ್ತವೆ. ಲ್ಯಾಬಿನ ಯಂತ್ರ ಅಂಚು ಉಳಿಯದಂತೆ ಹಿಗ್ಗಿಸಿತು. 35 ಮಿಲಿಮೀಟರ್ ಇದ್ದ ಅಗಲ 36 ದಾಟಿತ್ತು. ಅಳೆಯದೆ ಕತ್ತರಿ ಹಾಕಿ, 15 ರೂಪಾಯಿಯ ಆರೇಳು ಹಾಳೆ ಕೆಡಿಸಿದೆ. ಈಗ ಒಂದು ಹಾಳೆ ತೆಗೆಸಿ, ಸ್ಕೇಲ್ ಇಟ್ಟು ನೋಡಿದ ಮೇಲೇ ಉಳಿದವು. ಆ ಯಂತ್ರಕ್ಕಾಗಿ ಎಷ್ಟು ಕುಗ್ಗಿಸಿ ಕಳಿಸುತ್ತೇನೆಂಬುದು ಮಾತ್ರ ನನ್ನಲ್ಲೇ ಇರಲಿ.

ಸ್ಟುಡಿಯೊದಲ್ಲಿ ಎಂಟಕ್ಕೆ ನೂರರ ಹತ್ತಿರ ಕೊಡುತ್ತಿದ್ದೆವು. ಭಾನುವಾರ ಭಾವನೇ ಬರುತ್ತಾರಂತೆ; ಬಿಳಿ ಅಂಗಿ ಹಾಕಿಕೊಂಡು ಬರಬೇಡಿ ಎಂದು ಮೊದಲೇ ಹೇಳಿದ್ದೇನೆ.